ಫೋಟೋಗೆ ಸೇರಿಸಿದವರು ಅಂಟಿಸಿದ ಹಾಗೆ ಕಾಣಬಾರದು ಅಂದರೆ: ಯಾವ ಬ್ಲರ್, ಎಷ್ಟು ಬ್ಲರ್, ಯಾವಾಗ ಶಾರ್ಪ್

ಅಕ್ಕನ ಮನೆ ಗೃಹಪ್ರವೇಶದ ಗ್ರೂಪ್ ಫೋಟೋ. ಎಲ್ಲರೂ ಇದ್ದಾರೆ, ಚಿಕ್ಕಪ್ಪ ಒಬ್ಬರೇ ಇಲ್ಲ. ಮಸ್ಕತ್‌ನಲ್ಲಿ ಅವರಿಗೆ ರಜೆ ಸಿಗಲಿಲ್ಲ. "ಹಿಂದಿನ ಸಾಲಲ್ಲಿ ಅವರನ್ನೂ ನಿಲ್ಲಿಸಿಬಿಡೋ, ಆಲ್ಬಂಗೆ ಹಾಕಿಸಬೇಕು" ಅಂತ ಅಕ್ಕ ಹೇಳಿದಳು. ಚಿಕ್ಕಪ್ಪ ಬಾಲ್ಕನಿಯಲ್ಲಿ ನಿಂತು ಮೊಬೈಲ್‌ನಲ್ಲಿ ತೆಗೆಸಿಕೊಂಡ ಒಂದು ಫೋಟೋ ಕಳಿಸಿದರು. ಕಟ್ ಮಾಡಿದೆ, ಎತ್ತರ ಹೊಂದಿಸಿದೆ, ಬಣ್ಣ ಹೊಂದಿಸಿದೆ, ಬೆಳಕಿನ ದಿಕ್ಕೂ ಸರಿಯಿತ್ತು. ಆದರೂ ನೋಡಿದ ತಕ್ಷಣ ಗೊತ್ತಾಗುತ್ತಿತ್ತು, ಇವರು ಅಲ್ಲಿ ಇರಲಿಲ್ಲ ಅಂತ.

ಕಾರಣ ಒಂದೇ. ಚಿಕ್ಕಪ್ಪನ ಮೀಸೆಯ ಕೂದಲು ಒಂದೊಂದೂ ಎಣಿಸಬಹುದಿತ್ತು, ಅವರ ಪಕ್ಕದಲ್ಲೇ ಇದ್ದ ಪೋರ್ಟಿಕೋ ಕಂಬದ ಅಂಚು ಮಾತ್ರ ಮೆತ್ತಗೆ ಮಸುಕಾಗಿತ್ತು. ಒಂದೇ ದೂರದಲ್ಲಿ ಇರುವ ಎರಡು ವಸ್ತುಗಳಲ್ಲಿ ಒಂದು ಶಾರ್ಪ್, ಇನ್ನೊಂದು ಬ್ಲರ್ ಆಗಿರಲು ಸಾಧ್ಯವೇ ಇಲ್ಲ. ಲೆನ್ಸ್ ಮನುಷ್ಯರನ್ನು ನೋಡಿ ಫೋಕಸ್ ಮಾಡುವುದಿಲ್ಲ, ದೂರ ನೋಡಿ ಮಾಡುತ್ತದೆ. ನಮ್ಮ ಕಣ್ಣಿಗೆ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ, ಅದು ತಾನಾಗಿಯೇ ಹಿಡಿದುಬಿಡುತ್ತದೆ.

ಇಂಥ ಕಡೆ ನಮ್ಮ ಕೈಯಲ್ಲಿ ಇರುವ ದಾರಿಗಳು ಕೆಲವೇ. Gaussian Blur ಹಾಕಬಹುದು. Lens Blur ಹಾಕಬಹುದು. ದೂರಕ್ಕೆ ತಕ್ಕಂತೆ ಏರುವ ಬ್ಲರ್ ಹಾಕಬಹುದು. ತಂದ ಫೋಟೋನೇ ಮೆತ್ತಗಿದ್ದರೆ ಶಾರ್ಪ್ ಮಾಡಲು ನೋಡಬಹುದು. ಅಥವಾ ಇದ್ಯಾವುದೂ ಬೇಡ ಅಂತ ಆ ವ್ಯಕ್ತಿಯನ್ನು ಬೇರೆ ಜಾಗಕ್ಕೆ ಸರಿಸಬಹುದು. ಯಾವುದು ಯಾವಾಗ ಅನ್ನುವುದನ್ನು ಈ ಒಂದೇ ಫೋಟೋ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಅಳತೆ, ಆಮೇಲೆ ಫಿಲ್ಟರ್

ಬಹಳ ಜನ ಸ್ಲೈಡರ್ ಎಳೆದು ಎಳೆದು "ಇಷ್ಟು ಸಾಕು ಅನ್ಸತ್ತೆ" ಅನ್ನುವಲ್ಲಿ ನಿಲ್ಲಿಸುತ್ತಾರೆ. ಇದರಲ್ಲಿ ಒಂದು ತೊಂದರೆ ಇದೆ. ಮುಖವನ್ನು ಮಸುಕು ಮಾಡಲು ನಮಗೆ ಮನಸ್ಸು ಬರುವುದಿಲ್ಲ. ಅದಕ್ಕೇ ಯಾವಾಗಲೂ ಬೇಕಾದ್ದಕ್ಕಿಂತ ಕಡಿಮೆ ಹಾಕುತ್ತೇವೆ. ಎಷ್ಟು ಬ್ಲರ್ ಬೇಕು ಅಂತ ಆ ಫೋಟೋನೇ ಹೇಳುತ್ತದೆ, ಅದನ್ನು ಕೇಳಿದರೆ ಸಾಕು.

ಫೋಕಸ್ ತಪ್ಪಿದ ಒಂದು ಬೆಳಕಿನ ಚುಕ್ಕೆ ಫೋಟೋದಲ್ಲಿ ದುಂಡನೆ ಬಿಲ್ಲೆಯಾಗಿ ಕಾಣುತ್ತದೆ. ಆ ಬಿಲ್ಲೆಯ ಅಗಲವೇ ಅಲ್ಲಿನ ಬ್ಲರ್‌ನ ಅಳತೆ. ನಮ್ಮ ಫೋಟೋದಲ್ಲಿ ಅದೃಷ್ಟಕ್ಕೆ ಹಿಂದಿನ ಕಾಂಪೌಂಡ್ ಗೋಡೆ ಮೇಲೆ ಸೀರಿಯಲ್ ಸೆಟ್ ಹಾಕಿದ್ದರು. ಒಂದು ಸಣ್ಣ ಬಲ್ಬಿನ ಬಿಲ್ಲೆಯನ್ನು 200% ಝೂಮ್ ಮಾಡಿ ಅಳೆದೆ, ಸುಮಾರು 26 ಪಿಕ್ಸೆಲ್ ಬಂತು. ಬಲ್ಬಿಗೂ ತನ್ನದೇ ಸ್ವಲ್ಪ ಅಗಲ ಇರುವುದರಿಂದ ಬಿಲ್ಲೆಯ ಅಂಚು ಚೂರು ಮೆತ್ತಗಿರುತ್ತದೆ. ಆ ಮೆತ್ತನೆ ಅಂಚಿನ ನಡುವಿನಿಂದ ನಡುವಿಗೆ ಅಳೆಯಬೇಕು.

ಆದರೆ ಚಿಕ್ಕಪ್ಪ ನಿಲ್ಲಬೇಕಾದ್ದು ಕಾಂಪೌಂಡ್ ಹತ್ತಿರ ಅಲ್ಲ, ಕುರ್ಚಿ ಸಾಲಿನ ಹಿಂದೆ. ಈ 26ನ್ನು ಅಲ್ಲಿಗೆ ಹಾಕಿದರೆ ಅವರು ಮಂಜಿನೊಳಗೆ ನಿಂತ ಹಾಗೆ ಆಗುತ್ತಾರೆ. ಅಲ್ಲಿಗೆ ಎಷ್ಟು ಅಂತ ತಿಳಿಯಲು ಒಂದು ಚಿಕ್ಕ ಲೆಕ್ಕ ಇದೆ:

```
c = K × (D − F) ÷ D
```

F ಅಂದರೆ ಕ್ಯಾಮೆರಾದಿಂದ ಫೋಕಸ್ ಆದ ಜಾಗಕ್ಕೆ ಇರುವ ದೂರ. D ಅಂದರೆ ನಾವು ಕೇಳುತ್ತಿರುವ ಜಾಗದ ದೂರ. c ಅಲ್ಲಿನ ಬಿಲ್ಲೆಯ ಅಗಲ. K ಆ ಒಂದು ಫೋಟೋಗೆ ಮಾತ್ರ ಸೇರಿದ ಸಂಖ್ಯೆ. ಬಹಳ ದೂರದ ಬೆಳಕು ಎಷ್ಟು ದೊಡ್ಡ ಬಿಲ್ಲೆಯಾಗುತ್ತದೋ ಅದೇ K.

ನಮ್ಮಲ್ಲಿ ಫೋಕಸ್ ಇದ್ದದ್ದು ಕುರ್ಚಿಯಲ್ಲಿ ಕೂತ ಹಿರಿಯರ ಮೇಲೆ, ಕ್ಯಾಮೆರಾದಿಂದ 4 ಮೀಟರ್. ಕಾಂಪೌಂಡ್ 8 ಮೀಟರ್. ಅಂದರೆ 26 = K × 4 ÷ 8. K 52 ಅಂತಾಯಿತು. ಇನ್ನು ಯಾವ ಜಾಗದ ಬ್ಲರ್ ಬೇಕಾದರೂ ಕ್ಷಣದಲ್ಲಿ ಸಿಗುತ್ತದೆ. ಚಿಕ್ಕಪ್ಪ ನಿಲ್ಲುವುದು ಕುರ್ಚಿಗಿಂತ ಒಂದು ಮೀಟರ್ ಹಿಂದೆ, ಅಂದರೆ 5 ಮೀಟರ್‌ನಲ್ಲಿ. 52 × 1 ÷ 5, ಹತ್ತು ಪಿಕ್ಸೆಲ್ಲಿಗೆ ಚೂರು ಜಾಸ್ತಿ, 10.4.

ದೂರ ಗೊತ್ತಿಲ್ಲದಿದ್ದರೆ ನೆಲದ ಟೈಲ್ಸ್ ಎಣಿಸಿ. ಪೋರ್ಟಿಕೋಗೆ ಹಾಕಿದ್ದು 2 ಅಡಿ ಟೈಲ್ಸ್ ಆಗಿದ್ದರೆ ಐದು ಟೈಲ್ಸ್ ಸುಮಾರು 3 ಮೀಟರ್. ಫೈಲಿನಲ್ಲಿ ಲೆನ್ಸ್ ವಿವರ ಉಳಿದಿದ್ದರೆ ಇನ್ನೂ ಒಳ್ಳೆಯದು, ಅದರಿಂದಲೂ K ತೆಗೆದು ತಾಳೆ ನೋಡಬಹುದು. ನಮ್ಮದು 50 ಎಂಎಂ ಲೆನ್ಸ್, f/2, ಫುಲ್ ಫ್ರೇಮ್ ಕ್ಯಾಮೆರಾ, 6000 ಪಿಕ್ಸೆಲ್ ಅಗಲದ ಫೋಟೋ. ಸೆನ್ಸರ್ 36 ಮಿಲಿಮೀಟರ್ ಅಗಲ, ಆದ್ದರಿಂದ ಒಂದು ಮಿಲಿಮೀಟರ್‌ಗೆ ಸುಮಾರು 167 ಪಿಕ್ಸೆಲ್. ಲೆನ್ಸಿನ ಬಾಯಿ 50 ÷ 2 = 25 ಮಿಲಿಮೀಟರ್.

```
K = 25 × 50 ÷ (4000 − 50) × 167 ≈ 53
```

ಬಲ್ಬ್ ಅಳೆದು ಬಂದದ್ದು 52, ಲೆಕ್ಕದಲ್ಲಿ ಬಂದದ್ದು 53. ಇಷ್ಟು ಹತ್ತಿರ ಬಂದರೆ ನೆಮ್ಮದಿ. ತುಂಬಾ ಬೇರೆ ಬಂದರೆ ಯಾರೋ ಫೋಟೋನ ಕ್ರಾಪ್ ಮಾಡಿದ್ದಾರೆ, ಇಲ್ಲವೇ ಚಿಕ್ಕದು ಮಾಡಿ ಕಳಿಸಿದ್ದಾರೆ ಅಂತ ತಿಳಿಯಿರಿ. ಆಗ ಅಳತೆಯನ್ನೇ ನಂಬಿ.

ಈ ಲೆಕ್ಕದಲ್ಲಿ ನನಗೆ ಬಹಳ ಇಷ್ಟವಾದ ವಿಷಯ ಒಂದಿದೆ. ಫೋಕಸ್‌ಗಿಂತ ಒಂದು ಮೀಟರ್ ಹಿಂದೆ ಹೋದರೆ 10 ಪಿಕ್ಸೆಲ್, ಅದೇ ಒಂದು ಮೀಟರ್ ಮುಂದೆ ಬಂದರೆ, ಅಂದರೆ 3 ಮೀಟರ್‌ನಲ್ಲಿ, ಮೈನಸ್ ಗುರುತು ಬಿಟ್ಟು ನೋಡಿದರೆ 17 ಪಿಕ್ಸೆಲ್. ಹಿಂದೆ ಎಷ್ಟೇ ದೂರ ಹೋದರೂ 52 ದಾಟುವುದಿಲ್ಲ. ಮುಂದೆ ಬಂದಷ್ಟೂ ಏರುತ್ತಲೇ ಹೋಗುತ್ತದೆ. ಅದಕ್ಕೇ ಮುಂದೆ ಇಟ್ಟ ಹೂಕುಂಡ, ಮುಂದೆ ಓಡುವ ಮಗು ಇಂಥವನ್ನು ಸೇರಿಸುವಾಗ ಧೈರ್ಯವಾಗಿ ಜಾಸ್ತಿ ಬ್ಲರ್ ಹಾಕಬೇಕು. ಇಲ್ಲೇ ಎಲ್ಲರೂ ಜಿಪುಣತನ ಮಾಡುವುದು.

ಬಲ್ಬು, ದೀಪ ಏನೂ ಇಲ್ಲದ ಫೋಟೋ ಆದರೆ? ವ್ಯಕ್ತಿ ನಿಲ್ಲುವ ದೂರದಲ್ಲೇ ಇರುವ ಒಂದು ಗಟ್ಟಿ ಅಂಚು ಹುಡುಕಿ. ಬಿಳಿ ಕಂಬ ಮತ್ತು ಕಪ್ಪು ಬಾಗಿಲು ಸೇರುವ ಗೆರೆ, ಕಿಟಕಿಯ ಸರಳು, ಹೀಗೆ. ಬಿಳಿಯಿಂದ ಕಪ್ಪಿಗೆ ಪೂರ್ತಿ ಬದಲಾಗಲು ಎಷ್ಟು ಪಿಕ್ಸೆಲ್ ಬೇಕಾಯಿತು ಅಂತ ಎಣಿಸಿ, ಹೆಚ್ಚುಕಡಿಮೆ ಅದೇ ಬಿಲ್ಲೆಯ ಅಗಲ. ನಾನು ಕಂಬದ ಅಂಚು ಎಣಿಸಿದಾಗ 10, 11 ಪಿಕ್ಸೆಲ್ ಬಂತು.

Gaussian ಸಾಕಾ, Lens Blur ಬೇಕಾ

ಎರಡಕ್ಕೂ ಇರುವ ವ್ಯತ್ಯಾಸ ಸರಳ. Lens Blur ಒಂದು ಚುಕ್ಕೆಯನ್ನು ಬಿಲ್ಲೆ ಮಾಡುತ್ತದೆ, ಅಂಚು ಸ್ಪಷ್ಟವಾಗಿರುತ್ತದೆ, ನಿಜವಾದ ಲೆನ್ಸ್ ಮಾಡುವ ಹಾಗೆ. Gaussian Blur ಅದೇ ಚುಕ್ಕೆಯನ್ನು ನಡುವೆ ದಟ್ಟ, ಸುತ್ತ ತೆಳು ಆಗುವ ಹೊಗೆಯ ಹಾಗೆ ಹರಡುತ್ತದೆ. ಬಟ್ಟೆ, ಚರ್ಮ, ಗೋಡೆ ಇಂಥ ಕಡೆ ಕಡಿಮೆ ಬ್ಲರ್‌ನಲ್ಲಿ ಎರಡಕ್ಕೂ ಫರಕು ಗೊತ್ತಾಗುವುದಿಲ್ಲ. ಬಿಲ್ಲೆಯ ಅಗಲ ಎಂಟು ಪಿಕ್ಸೆಲ್ ಒಳಗಿದ್ದರೆ ನಾನು ಸುಮ್ನೆ Gaussian ಹಾಕಿ ಮುಗಿಸುತ್ತೇನೆ. ಅದು ಬೇಗ ಆಗುತ್ತದೆ, ಸ್ಮಾರ್ಟ್ ಫಿಲ್ಟರ್ ಆಗಿ ಕೂರುತ್ತದೆ, ನಾಳೆ ಬದಲಿಸಬೇಕು ಅಂದರೆ ಎರಡು ಸಲ ಕ್ಲಿಕ್ ಮಾಡಿದರಾಯಿತು.

ಫರಕು ಕಾಣುವುದು ಎಲ್ಲಿ ಅಂದರೆ ಹೊಳೆಯುವ ಜಾಗದಲ್ಲಿ. ಕನ್ನಡಕದ ಮೇಲಿನ ಬೆಳಕು, ಮೂಗುತಿ, ಜರಿ ಅಂಚು, ಹಿತ್ತಾಳೆ ದೀಪ. Gaussian ಹಾಕಿದರೆ ಆ ಮಿಂಚು ಕರಗಿ ಬೂದು ಕಲೆಯಾಗುತ್ತದೆ. ನಿಜವಾದ ಲೆನ್ಸ್‌ನಲ್ಲಿ ಅದು ಹೊಳೆಯುವ ಬಿಲ್ಲೆಯಾಗಿ ಉಳಿಯುತ್ತದೆ. ಕಾರಣ ಏನು ಅಂದರೆ, ಫೋಟೋದಲ್ಲಿ ಬಿಳಿ 255ಕ್ಕೆ ನಿಂತುಹೋಗುತ್ತದೆ, ನಿಜವಾದ ಹೊಳಪು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇತ್ತು. ಅದನ್ನು ಹರಡಿದಾಗ ಸುತ್ತಲಿನ ಕಪ್ಪಿನ ಜೊತೆ ಬೆರೆತು ಮಂಕಾಗುತ್ತದೆ. ಫೋಟೋಶಾಪ್‌ನ Lens Blur ಒಳಗೆ Specular Highlights ಅಂತ ಒಂದು ಭಾಗ ಇದೆ, ಅದರಲ್ಲಿ Threshold ಮತ್ತು Brightness. Threshold 255ರಲ್ಲಿ ಇದ್ದರೆ ಏನೂ ಆಗುವುದಿಲ್ಲ. ಅದನ್ನು 250ರ ಹತ್ತಿರ ಇಳಿಸಿ Brightness ಚೂರೇ ಚೂರು ಏರಿಸಿದರೆ ಮಿಂಚು ಮರಳಿ ಬರುತ್ತದೆ. ಜಾಸ್ತಿ ಏರಿಸಬೇಡಿ. ಬಿಳಿ ಶರ್ಟ್ ಹಾಕಿದವರ ಎದೆ ಮೇಲೆಲ್ಲ ಬಿಳಿ ಬಿಲ್ಲೆ ಎದ್ದುಬಿಡುತ್ತದೆ.

Lens Blur ಗೆ ಎರಡು ಕೊರತೆ ಇವೆ, ಆಯ್ಕೆ ಮಾಡುವ ಮುಂಚೆ ಗೊತ್ತಿರಬೇಕು. ಅದು ಸ್ಮಾರ್ಟ್ ಫಿಲ್ಟರ್ ಆಗಿ ಸಿಗುವುದಿಲ್ಲ, ಆದ್ದರಿಂದ ಹಾಕುವ ಮುಂಚೆ ಲೇಯರ್‌ನ ಒಂದು ನಕಲು ತೆಗೆದು ಮುಚ್ಚಿಡಿ. ಇನ್ನೊಂದು, ಕಟ್ ಮಾಡಿದ ಲೇಯರ್ ಮೇಲೆ ಹಾಕಿದಾಗ ಒಳಗೆಲ್ಲ ಮಸುಕಾಗಿ ಹೊರ ಅಂಚು ಮಾತ್ರ ಬ್ಲೇಡಿನ ಹಾಗೆ ಗಟ್ಟಿಯಾಗಿ ಉಳಿಯುತ್ತದೆ. ಆ ಅಂಚನ್ನು ಬೇರೆಯಾಗಿ ಮೆತ್ತಗೆ ಮಾಡಬೇಕು. ಅದನ್ನು ಮುಂದೆ ಹೇಳುತ್ತೇನೆ.

ಸಂಖ್ಯೆಗಳ ಬಗ್ಗೆ ಒಂದು ಮಾತು. ಬಿಲ್ಲೆಯ ಅಗಲ 10.4 ಅಂದರೆ Lens Blur ನಲ್ಲಿ ಅರ್ಧ, ಅಂದರೆ 5ರ ಆಸುಪಾಸು. Gaussian ನಲ್ಲಿ ಕಾಲು ಭಾಗ, 2.6. ಇದೇ ಎಲ್ಲರೂ ಎಡವುವ ಕಡೆ. ಎರಡರಲ್ಲೂ Radius ಅಂತಲೇ ಬರೆದಿರುತ್ತದೆ, ಅರ್ಥ ಮಾತ್ರ ಬೇರೆ. Gaussian ನಲ್ಲಿ 10 ಹಾಕಿದರೆ ಅದು 40 ಪಿಕ್ಸೆಲ್ ಬಿಲ್ಲೆಗೆ ಸಮ. ನಿಮ್ಮ ಸಾಫ್ಟ್‌ವೇರ್‌ನಲ್ಲಿ ಆ ಸಂಖ್ಯೆಗೆ ಏನು ಅರ್ಥ ಅಂತ ಅನುಮಾನ ಇದ್ದರೆ, ಕಪ್ಪು ಲೇಯರ್ ಮಾಡಿ ನಡುವೆ ಎರಡು ಮೂರು ಪಿಕ್ಸೆಲ್‌ನ ಬಿಳಿ ಚುಕ್ಕೆ ಇಡಿ, ಫಿಲ್ಟರ್ ಹಾಕಿ, ಎಷ್ಟು ಅಗಲಕ್ಕೆ ಹರಡಿತು ಅಂತ ಅಳೆಯಿರಿ. ಮಂಕಾಗಿ ಕಂಡರೆ Levels ಎಳೆದು ನೋಡಿ. ಫೋಟೋಶಾಪ್ ಇರಲಿ, ಗಿಂಪ್ ಇರಲಿ, ಮೊಬೈಲ್ ಆ್ಯಪ್ ಇರಲಿ, ಈ ಪರೀಕ್ಷೆ ಎಲ್ಲ ಕಡೆ ನಡೆಯುತ್ತದೆ.

ನಮ್ಮ ಚಿಕ್ಕಪ್ಪನ ವಿಷಯಕ್ಕೆ ನಾನು ಮೊದಲು Gaussian ಹಾಕಿದೆ. ಶರ್ಟ್ ಚೆನ್ನಾಗಿ ಕೂತಿತು, ಕಂಬದ ಜೊತೆ ಹೊಂದಿಕೊಂಡಿತು. ಕನ್ನಡಕ ಮಾತ್ರ ಸತ್ತ ಹಾಗಿತ್ತು. ಆಮೇಲೆ Lens Blur ಗೆ ಬದಲಿಸಿದೆ, ಕಣ್ಣಿಗೆ ಜೀವ ಬಂತು. ಕನ್ನಡಕ ಇಲ್ಲದಿದ್ದರೆ ಮೊದಲನೆಯದೇ ಸಾಕಿತ್ತು.

ಈಗಾಗಲೇ ಇರುವ ಮಸುಕನ್ನು ಮರೆಯಬೇಡಿ

ತಂದ ಫೋಟೋ ಪೂರ್ತಿ ಶಾರ್ಪ್ ಇರುವುದಿಲ್ಲ. ಅದರಲ್ಲೂ ಸ್ವಲ್ಪ ಮಸುಕು ಇದ್ದೇ ಇರುತ್ತದೆ. ಆದ್ದರಿಂದ ಬೇಕಾದಷ್ಟನ್ನೂ ಮತ್ತೆ ಮೇಲೆ ಸುರಿದರೆ ಜಾಸ್ತಿಯಾಗುತ್ತದೆ. ಹಾಗಂತ ಸೀದಾ ಕಳೆಯುವುದೂ ತಪ್ಪು. ಬ್ಲರ್ ಮೇಲೆ ಬ್ಲರ್ ಹಾಕಿದಾಗ ವರ್ಗ ಮಾಡಿ ಕೂಡಿಸಬೇಕು. ಚಿಕ್ಕಪ್ಪನ ಫೋಟೋದಲ್ಲಿ Gaussian ಲೆಕ್ಕದಲ್ಲಿ 1ರಷ್ಟು ಮಸುಕು ಇತ್ತು ಅಂದುಕೊಳ್ಳಿ, ಬೇಕಾದ್ದು 2.6.

```
√(2.6² − 1²) = √5.76 = 2.4
```

ಅಂದರೆ 2.4 ಹಾಕಬೇಕು. ಸೀದಾ ಕಳೆದಿದ್ದರೆ 1.6 ಹಾಕಿ ಕೆಲಸ ಕೆಡುತ್ತಿತ್ತು. ಬೇಕಾದ ಬ್ಲರ್ ದೊಡ್ಡದಿದ್ದಾಗ ಇರುವ ಮಸುಕನ್ನು ಲೆಕ್ಕಕ್ಕೇ ಹಿಡಿಯದಿದ್ದರೂ ನಡೆಯುತ್ತದೆ. ಎರಡೂ ಹತ್ತಿರ ಹತ್ತಿರ ಇದ್ದಾಗ ಮಾತ್ರ ಇದು ಮುಖ್ಯ.

ಇಲ್ಲಿ ಕ್ರಮ ಬಹಳ ಮುಖ್ಯ. ಮೊದಲು ಸೈಜ್, ಆಮೇಲೆ ಅಳತೆ, ಆಮೇಲೆ ಬ್ಲರ್. ಚಿಕ್ಕದು ಮಾಡಿದರೆ ಮಸುಕೂ ಚಿಕ್ಕದಾಗುತ್ತದೆ, ದೊಡ್ಡದು ಮಾಡಿದರೆ ಮಸುಕೂ ಬೆಳೆಯುತ್ತದೆ. ಬ್ಲರ್ ಹಾಕಿ ಆಮೇಲೆ "ಚೂರು ಎತ್ತರ ಜಾಸ್ತಿಯಾಯಿತು" ಅಂತ ಕುಗ್ಗಿಸಿದರೆ ಮಾಡಿದ ಲೆಕ್ಕ ಎಲ್ಲ ಹೋಯಿತು. ನಮ್ಮಲ್ಲಿ ಚಿಕ್ಕಪ್ಪ ಮೊಬೈಲ್ ಫೋಟೋದಲ್ಲಿ 3200 ಪಿಕ್ಸೆಲ್ ಎತ್ತರ ಇದ್ದರು. 5 ಮೀಟರ್ ದೂರದಲ್ಲಿ ಅವರು ಸುಮಾರು 2860 ಪಿಕ್ಸೆಲ್ ಎತ್ತರ ಕಾಣಬೇಕು. ಅಂದರೆ 90%ಗೆ ಇಳಿಸಿದರೆ ಸಾಕು. ಅದನ್ನು ಮುಗಿಸಿದ ಮೇಲೆಯೇ ನಾನು ಫಿಲ್ಟರ್ ಮುಟ್ಟಿದ್ದು.

ಅಂಚು: ಇಲ್ಲಿಯೇ ಕೆಲಸ ಕೆಡುವುದು

ಬ್ಲರ್ ಎಷ್ಟು ಸರಿ ಇದ್ದರೂ ಅಂಚು ತಪ್ಪಿದರೆ ಕತ್ತರಿಯಲ್ಲಿ ಕತ್ತರಿಸಿದ ಚಿತ್ರವೇ ಕಾಣುತ್ತದೆ. ಲೇಯರ್‌ಗೆ ಮಾಸ್ಕ್ ಹಾಕಿ, ಮಾಸ್ಕ್ ಹಾಗೇ ಬಿಟ್ಟು ಚಿತ್ರಕ್ಕೆ ಮಾತ್ರ ಬ್ಲರ್ ಹಾಕಿದರೆ ಎರಡು ತಪ್ಪು ಒಟ್ಟಿಗೆ ಆಗುತ್ತವೆ. ಅಂಚು ಗಟ್ಟಿಯಾಗಿಯೇ ಉಳಿಯುತ್ತದೆ. ಜೊತೆಗೆ ಮಾಸ್ಕಿನ ಹಿಂದೆ ಅಡಗಿರುವ ಹಳೆ ಹಿನ್ನೆಲೆಯ ಬಣ್ಣ, ಅಂದರೆ ಬಾಲ್ಕನಿಯ ನೀಲಿ ಆಕಾಶ, ಒಳಗೆ ನುಗ್ಗಿ ತಲೆಯ ಸುತ್ತ ನೀಲಿ ಗೆರೆ ಬರುತ್ತದೆ.

ಸರಿಯಾದ ಕ್ರಮ ಹೀಗಿದೆ. ಮೊದಲು ಅಂಚಿನ ಬಣ್ಣ ಶುದ್ಧ ಮಾಡಿ. ಕೂದಲಿನ ಅಂಚಿಗೆ ಕೂದಲಿನದೇ ಬಣ್ಣ, ಶರ್ಟಿನ ಅಂಚಿಗೆ ಶರ್ಟಿನದೇ ಬಣ್ಣ ಇರಲಿ. ಆಮೇಲೆ ಮಾಸ್ಕ್ ಸಮೇತ ಲೇಯರ್ ಅನ್ನು ಸ್ಮಾರ್ಟ್ ಆಬ್ಜೆಕ್ಟ್ ಮಾಡಿ. ಈಗ Gaussian ಹಾಕಿದರೆ ಬಣ್ಣವೂ ಅಂಚೂ ಒಟ್ಟಿಗೆ ಮೆತ್ತಗಾಗುತ್ತವೆ. Lens Blur ಆದರೆ ಬಣ್ಣ ಮತ್ತು ಮಾಸ್ಕ್ ಬೇರೆ ಬೇರೆ ಇಟ್ಟುಕೊಳ್ಳಿ. ವ್ಯಕ್ತಿಯ ಬಣ್ಣವನ್ನು ಅಂಚಿನಿಂದ ಹೊರಗೆ ಹತ್ತು ಹದಿನೈದು ಪಿಕ್ಸೆಲ್ ಎಳೆದು ಬಳಿಯಿರಿ, ಅದಕ್ಕೆ Lens Blur ಹಾಕಿ, ಮಾಸ್ಕಿಗೆ ಅದರ ಅರ್ಧ ಸಂಖ್ಯೆಯ Gaussian ಹಾಕಿ. ಅಂದರೆ ಒಳಗೆ 5, ಮಾಸ್ಕಿಗೆ 2.6.

ಇನ್ನು ಇದರಲ್ಲಿ ಒಂದು ಸೂಕ್ಷ್ಮ ಇದೆ. ಚಿಕ್ಕಪ್ಪನ ಎಡ ತೋಳಿನ ಮುಂದೆ ಅತ್ತೆ ನಿಂತಿದ್ದರು, ಕುರ್ಚಿ ಸಾಲಿನ ಪಕ್ಕದಲ್ಲಿ, ಪೂರ್ತಿ ಫೋಕಸ್‌ನಲ್ಲಿ. ನಾನು ಮೊದಲು ಅತ್ತೆಯ ಹೆಗಲಿನ ಆಕಾರಕ್ಕೆ ಚಿಕ್ಕಪ್ಪನ ತೋಳನ್ನು ಕಟ್ ಮಾಡಿ, ಆಮೇಲೆ ಬ್ಲರ್ ಹಾಕಿದೆ. ಅತ್ತೆಯ ಹೆಗಲ ಸುತ್ತ ಪ್ರಭಾವಳಿಯ ಹಾಗೆ ಒಂದು ಮಸುಕು ಪಟ್ಟಿ ಬಂತು. ಯಾಕೆ ಅಂದರೆ ಹಿಂದಿರುವವರು ಎಷ್ಟೇ ಮಸುಕಾಗಿರಲಿ, ಮುಂದೆ ಶಾರ್ಪ್ ಆಗಿ ನಿಂತವರ ಅಂಚು ಶಾರ್ಪ್ ಆಗಿಯೇ ಕಾಣಬೇಕು. ಆ ಅಂಚು ಅತ್ತೆಯದು, ಚಿಕ್ಕಪ್ಪನದಲ್ಲ.

ಆದ್ದರಿಂದ ಇಲ್ಲಿ ಎರಡು ಮಾಸ್ಕ್ ಬೇಕು. ಚಿಕ್ಕಪ್ಪನ ಪೂರ್ತಿ ದೇಹ, ತೋಳೂ ಸೇರಿ, ತನ್ನದೇ ಮಾಸ್ಕ್ ಜೊತೆ ಬ್ಲರ್ ಆಗಲಿ. ಆಮೇಲೆ ಆ ಲೇಯರ್ ಅನ್ನು ಒಂದು ಗ್ರೂಪಿನೊಳಗೆ ಹಾಕಿ, ಗ್ರೂಪಿಗೆ ಅತ್ತೆಯ ಆಕಾರದ ಶಾರ್ಪ್ ಮಾಸ್ಕ್ ಹಾಕಿ. ಈ ಕ್ರಮದಲ್ಲಿ ತೋಳು ಅತ್ತೆಯ ಹಿಂದೆ ಸರಿಯಾಗಿ ಮರೆಯಾಗುತ್ತದೆ. ಮುಂದೆ ಇರುವ ವಸ್ತುವಾದರೆ ಇದಕ್ಕೆ ಉಲ್ಟಾ. ಫೋಕಸ್ ತಪ್ಪಿದ ಹೂಕುಂಡ ಮುಂದಿದ್ದರೆ ಅದರ ಅಂಚು ಹಿಂದಿನ ಶಾರ್ಪ್ ಮನುಷ್ಯರ ಮೇಲೆ ತೆಳುವಾಗಿ ಹರಡಬೇಕು, ಅಂಚಿನ ಮೂಲಕ ಅವರ ಬಟ್ಟೆ ಸ್ವಲ್ಪ ಕಾಣಬೇಕು.

ಒಂದೇ ವಸ್ತು ಉದ್ದಕ್ಕೆ ಚಾಚಿದ್ದರೆ

ನಿಂತ ಮನುಷ್ಯ ತಲೆಯಿಂದ ಕಾಲಿನವರೆಗೆ ಹೆಚ್ಚುಕಡಿಮೆ ಒಂದೇ ದೂರದಲ್ಲಿ ಇರುತ್ತಾನೆ, ಒಂದೇ ಬ್ಲರ್ ಸಾಕು. ಅದೇ ಓರೆಯಾಗಿ ನಿಲ್ಲಿಸಿದ ಬೈಕನ್ನೋ, ಉದ್ದ ಬೆಂಚನ್ನೋ ಸೇರಿಸಿದರೆ ಒಂದು ತುದಿ 4 ಮೀಟರ್‌ನಲ್ಲಿ, ಇನ್ನೊಂದು 6ರಲ್ಲಿ ಇರಬಹುದು. ಆಗ ನಮ್ಮ K ಪ್ರಕಾರ ಮುಂದಿನ ಚಕ್ರಕ್ಕೆ ಸೊನ್ನೆ, 5 ಮೀಟರ್‌ನಲ್ಲಿ 10, ಹಿಂದಿನ ತುದಿಗೆ 17. ಇದಕ್ಕೆ ಫೋಟೋಶಾಪ್‌ನ Field Blur ಚೆನ್ನ. ಪಿನ್ ಇಟ್ಟು ಒಂದೊಂದಕ್ಕೂ ಬೇರೆ ಬ್ಲರ್ ಕೊಡಬಹುದು, ಸ್ಮಾರ್ಟ್ ಫಿಲ್ಟರ್ ಆಗಿಯೂ ಉಳಿಯುತ್ತದೆ. ಎರಡು ತುದಿಗೆ ಮಾತ್ರ ಪಿನ್ ಇಡಬೇಡಿ, ನಡುವೆ ಇನ್ನೊಂದು ಇಡಿ, ಏರಿಕೆ ಒಂದೇ ಸಮ ಇರುವುದಿಲ್ಲ ಅಲ್ವಾ. ಮೊದಲ ಮೀಟರ್‌ನಲ್ಲಿ 10 ಏರಿತು, ಎರಡನೆಯದರಲ್ಲಿ 7 ಮಾತ್ರ. ಪಿನ್‌ನ ಸಂಖ್ಯೆಯನ್ನೂ ಬಿಳಿ ಚುಕ್ಕೆ ಪರೀಕ್ಷೆಯಿಂದಲೇ ತಿಳಿದುಕೊಳ್ಳಿ.

ಮನುಷ್ಯರಿಗೆ ಇದು ಬೇಡ. ಒಬ್ಬ ವ್ಯಕ್ತಿಗೆ ಮುಖ ಮಾತ್ರ ಶಾರ್ಪ್ ಇಟ್ಟು ಮೈಗೆ ಬ್ಲರ್ ಹಾಕಿದ ಆಲ್ಬಂಗಳನ್ನು ನೋಡಿದ್ದೇನೆ. ಮುಖ ಬೇರೆಯವರದ್ದು ಅಂಟಿಸಿದ ಹಾಗೆ ಕಾಣುತ್ತದೆ.

ತಂದ ಫೋಟೋನೇ ಮೆತ್ತಗಿದ್ದರೆ

ಇದು ಕಷ್ಟದ ಕಡೆ. ಹಿನ್ನೆಲೆ ಶಾರ್ಪ್, ಸೇರಿಸಬೇಕಾದವರು ಮಸುಕು. ಹಳೆ ಫೋಟೋ, ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೋ, ಫೋಕಸ್ ತಪ್ಪಿದ ಫೋಟೋ.

ಶಾರ್ಪ್ ಮಾಡುವ ಫಿಲ್ಟರ್ ಕಳೆದುಹೋದ ವಿವರವನ್ನು ಮರಳಿ ತರುವುದಿಲ್ಲ. ಅಂಚಿನ ಒಂದು ಬದಿ ಕಪ್ಪು, ಇನ್ನೊಂದು ಬದಿ ಬಿಳುಪು ಮಾಡಿ ಕಣ್ಣಿಗೆ ಗಟ್ಟಿ ಕಾಣಿಸುತ್ತದೆ ಅಷ್ಟೇ. ಮಸುಕು ಒಂದೆರಡು ಪಿಕ್ಸೆಲ್ ಆದರೆ ಇದು ಚೆನ್ನಾಗಿ ನಡೆಯುತ್ತದೆ. ಫೋಟೋಶಾಪ್‌ನಲ್ಲಿ Smart Sharpen ತೆಗೆದು Remove ಅನ್ನುವಲ್ಲಿ Lens Blur ಆರಿಸಿ, Radius 1ರಿಂದ ಶುರು ಮಾಡಿ. ಫೋಕಸ್ ತಪ್ಪಿದ್ದಕ್ಕೆ ಅದೇ ಸರಿ. Radius 2 ದಾಟಿದರೆ ಹೆಗಲ ಸುತ್ತ, ಕಾಲರ್ ಸುತ್ತ ಬಿಳಿ ಗೆರೆ ಬರಲು ಶುರು. ಅದು ಬಂದರೆ ಮಿತಿ ಮುಗಿಯಿತು ಅಂತಲೇ ಅರ್ಥ.

ಇನ್ನೊಂದು ಪರೀಕ್ಷೆ: 100%ನಲ್ಲಿ ಕಣ್ಣಿನ ರೆಪ್ಪೆ ನೋಡಿ. ಬೇರೆ ಬೇರೆ ಕೂದಲಾಗಿ ಸ್ವಲ್ಪವಾದರೂ ಕಂಡರೆ ಶಾರ್ಪ್ ಮಾಡಿ ಉಳಿಸಬಹುದು. ಒಂದೇ ಕಪ್ಪು ಪಟ್ಟಿಯಾಗಿದ್ದರೆ ಯಾವ ಫಿಲ್ಟರ್ ಹಾಕಿದರೂ ಇನ್ನೂ ಗಟ್ಟಿಯಾದ ಒಂದು ಕಪ್ಪು ಪಟ್ಟಿ ಸಿಗುತ್ತದೆ.

ಆಗ ನಾನು ಫಿಲ್ಟರ್ ಬಿಟ್ಟು ಜಾಗ ಬದಲಿಸುತ್ತೇನೆ. ನನ್ನ ಪ್ರಕಾರ ಎಲ್ಲ ದಾರಿಗಳಲ್ಲಿ ಇದು ಅತಿ ಒಳ್ಳೆಯದು, ಯಾರೂ ಯೋಚಿಸದೇ ಇರುವುದೂ ಇದನ್ನೇ. ಮಸುಕು ಫೋಟೋದಲ್ಲಿ ಬಿಲ್ಲೆಯ ಅಗಲ 10 ಇದೆ ಅಂದರೆ, ನಮ್ಮ ಗೃಹಪ್ರವೇಶದ ಫೋಟೋದಲ್ಲಿ 5 ಮೀಟರ್‌ನ ಹಿಂದಿನ ಸಾಲು ಅದಕ್ಕೆ ಹೇಳಿಮಾಡಿಸಿದ ಜಾಗ. ಮುಂದಿನ ಸಾಲಿನಲ್ಲಿ ಕೂರಿಸಲು ಹೋದರೆ ಒದ್ದಾಡಬೇಕು, ಹಿಂದೆ ನಿಲ್ಲಿಸಿದರೆ ಏನೂ ಮಾಡದೇ ಹೊಂದಿಕೊಳ್ಳುತ್ತದೆ. ಹಿಂದೆ ಹೋದಾಗ ಎತ್ತರವೂ ಕಡಿಮೆ ಮಾಡುತ್ತೀರಿ, ಅದರಿಂದಲೂ ಮಸುಕು ಕುಗ್ಗುತ್ತದೆ.

ಜಾಗ ಬದಲಿಸಲು ಆಗದಿದ್ದರೆ, ಉದಾಹರಣೆಗೆ ತೀರಿಹೋದ ಅಜ್ಜಿಯನ್ನು ನಡುವೆಯೇ ಕೂರಿಸಬೇಕು ಅಂತ ಮನೆಯವರ ಆಸೆ ಇದ್ದರೆ, ಎಷ್ಟು ದೊಡ್ಡದಾಗಿ ಪ್ರಿಂಟ್ ಆಗುತ್ತದೆ ಅಂತ ಕೇಳಿ. 6×4 ಇಂಚಿನ ಪ್ರಿಂಟ್ ಅಂದರೆ 300 ಡಿಪಿಐನಲ್ಲಿ 1800 ಪಿಕ್ಸೆಲ್ ಅಗಲ. 6000 ಪಿಕ್ಸೆಲ್ ಫೋಟೋದ 6 ಪಿಕ್ಸೆಲ್ ಮಸುಕು ಅಲ್ಲಿ 2ಕ್ಕಿಂತ ಕಡಿಮೆಯಾಗುತ್ತದೆ, ಚೂರು ಶಾರ್ಪ್ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಅದೇ 12×36 ಆಲ್ಬಂ ಶೀಟಿನ ಪೂರ್ತಿ ಅಗಲಕ್ಕೆ ಹಾಕುತ್ತಾರೆ ಅಂದರೆ ಆ ಫೋಟೋ ಬೇಡ ಅಂತ ಹೇಳುವುದೇ ಪ್ರಾಮಾಣಿಕತೆ. ಹಿನ್ನೆಲೆಯನ್ನೇ ಅಜ್ಜಿಯ ಮಟ್ಟಕ್ಕೆ ಮಸುಕು ಮಾಡುವವರೂ ಇದ್ದಾರೆ. ನಾನು ಮಾಡುವುದಿಲ್ಲ. ಒಬ್ಬರಿಗಾಗಿ ಹದಿನೈದು ಜನರ ಮುಖ ಹಾಳು ಮಾಡಿದ ಹಾಗೆ.

ಮೊಬೈಲ್ ಫೋಟೋಗಳ ಬಗ್ಗೆ ಒಂದು ಎಚ್ಚರಿಕೆ. ಮೊಬೈಲ್ ತಾನೇ ಫೋಟೋವನ್ನು ಜಾಸ್ತಿ ಶಾರ್ಪ್ ಮಾಡಿ ಕೊಡುತ್ತದೆ, ಕಾಲರ್ ಮತ್ತು ಕೂದಲಿನ ಸುತ್ತ ತೆಳು ಬಿಳಿ ಗೆರೆ ಇರುತ್ತದೆ. ಬ್ಲರ್ ದೊಡ್ಡದಾದರೆ ಆ ಗೆರೆ ಅದರಲ್ಲೇ ಮುಳುಗುತ್ತದೆ. ಒಂದೆರಡು ಪಿಕ್ಸೆಲ್ ಮಾತ್ರ ಆದರೆ ಮುಳುಗುವುದಿಲ್ಲ, ಮಸುಕಾದ ಬಿಳಿ ಗೆರೆಯಾಗಿ ಇನ್ನೂ ಎದ್ದು ಕಾಣುತ್ತದೆ, ಮೊದಲೇ ಅದನ್ನು ಅಳಿಸಿಕೊಳ್ಳಿ. ಪೋರ್ಟ್ರೇಟ್ ಮೋಡ್‌ನಲ್ಲಿ ತೆಗೆದ ಫೋಟೋ ಹಿನ್ನೆಲೆಯಾಗಿದ್ದರೆ ಮೇಲಿನ K ಲೆಕ್ಕ ನಡೆಯುವುದಿಲ್ಲ. ಅಲ್ಲಿ ಬ್ಲರ್ ಲೆನ್ಸಿನದ್ದಲ್ಲ, ಮೊಬೈಲ್ ಬಳಿದದ್ದು. ಅಲ್ಲಿ ಪಕ್ಕದ ಅಂಚು ಎಣಿಸುವುದೊಂದೇ ದಾರಿ.

ಕೊನೆಗೆ ಕಾಳು

ಬ್ಲರ್ ಹಾಕಿದಾಗ ಫೋಟೋದ ಸಣ್ಣ ಕಾಳು, ಅಂದರೆ ನಾಯ್ಸ್, ಅಳಿಸಿಹೋಗುತ್ತದೆ. ನಿಜವಾದ ಫೋಟೋದಲ್ಲಿ ಹಾಗಾಗುವುದಿಲ್ಲ. ಲೆನ್ಸ್ ಮಸುಕು ಮಾಡುವುದು ಬೆಳಕನ್ನು, ಕಾಳು ಬರುವುದು ಅದರ ನಂತರ, ಸೆನ್ಸರ್‌ನಲ್ಲಿ. ಆದ್ದರಿಂದ ಮಸುಕು ಗೋಡೆಯ ಮೇಲೂ ಕಾಳು ಇರುತ್ತದೆ. ಚಿಕ್ಕಪ್ಪನ ಮೇಲೆ ಮಾತ್ರ ಇರಲಿಲ್ಲ, ಪ್ಲಾಸ್ಟಿಕ್ ಹೊದಿಸಿದ ಹಾಗೆ ನುಣ್ಣಗಿದ್ದರು. Add Noise ತೆಗೆದು Gaussian ಮತ್ತು Monochromatic ಎರಡನ್ನೂ ಆರಿಸಿ, 2%ರಿಂದ ಶುರು ಮಾಡಿ, ಪಕ್ಕದ ಕಂಬದ ಕಾಳಿಗೆ 100%ನಲ್ಲಿ ಹೋಲಿಸುತ್ತಾ ಹೋದೆ. ಹಾಕಿದ ಕಾಳು ತೀರಾ ಚೂಪಾಗಿ ಕಂಡಿತು, ಕ್ಯಾಮೆರಾದ ಜೆಪೆಗ್ ಕಾಳು ಸ್ವಲ್ಪ ದಪ್ಪ ಇರುತ್ತದೆ. ಕಾಳನ್ನು ಬೇರೆ ಲೇಯರ್‌ನಲ್ಲಿ ಮಾಡಿ ಅದಕ್ಕೆ 0.5 Gaussian ಹಾಕಿದೆ, ಕೂತಿತು.

ನೆರಳನ್ನು ಮರೆತಿದ್ದೆ. ಚಿಕ್ಕಪ್ಪನ ಕಾಲಿನ ಹತ್ತಿರ, ಕುರ್ಚಿಗಳ ಸಂದಿಯಲ್ಲಿ ಕಾಣುವ ನೆಲದ ಮೇಲೆ ಬಳಿದ ನೆರಳಿನ ಅಂಚು ಟೈಲ್ಸಿನ ಸಂದಿ ಗೆರೆಗಿಂತ ಶಾರ್ಪ್ ಆಗಿತ್ತು. ಅದಕ್ಕೂ ಅದೇ 2.6 ಹಾಕಿದೆ. ಆಮೇಲೆ ಫೋಟೋವನ್ನು ಕಪ್ಪು ಬಿಳುಪು ಮಾಡಿ ನೋಡಿದೆ, ಬಣ್ಣ ಇಲ್ಲದಿದ್ದಾಗ ಮಸುಕಿನ ವ್ಯತ್ಯಾಸ ಬೇಗ ಕಣ್ಣಿಗೆ ಬೀಳುತ್ತದೆ. ಕಂಬದ ಅಂಚು, ಚಿಕ್ಕಪ್ಪನ ಶರ್ಟಿನ ಕಾಲರ್, ಎರಡೂ ಒಂದೇ ಥರ ಕಂಡವು. ಅಕ್ಕನಿಗೆ ಕಳಿಸಿದೆ. ಅವಳು ಮೊದಲು ಕೇಳಿದ್ದು, "ಅತ್ತೆ ಪಕ್ಕದಲ್ಲಿ ಇಷ್ಟು ಜಾಗ ಇತ್ತೇನೋ?"